ಹಸಿರು ಕಂಡರೆ ತಟ್ಟೆ ದೂಡುವ ಮಗಳು: ಪರಾಠಾ, ದೋಸೆ, ಅನ್ನದಲ್ಲಿ ಸೊಪ್ಪು ಅಡಗಿಸುವುದು ಹೇಗೆ?

ಪುಟ್ಟಿಯ ಅಮ್ಮ

ಮಗಳಿಗೆ ಎರಡೂವರೆ ವರ್ಷ. ಒಂದೂವರೆ ವರ್ಷದವರೆಗೆ ಸೊಪ್ಪಿನ ಹುಳಿಯಲ್ಲಿ ಕಲಸಿದ ಅನ್ನವನ್ನು ಚೆನ್ನಾಗಿಯೇ ತಿನ್ನುತ್ತಿದ್ದಳು. ಈಗ ಮೂರು ತಿಂಗಳಿಂದ ಹಸಿರು ಬಣ್ಣದ ಯಾವುದನ್ನೂ ಬಾಯಿಗೆ ಇಡುವುದಿಲ್ಲ. ಉಪ್ಪಿಟ್ಟಿನಲ್ಲಿ ಒಂದು ಕರಿಬೇವಿನ ಎಲೆ ಸಿಕ್ಕಿದರೂ ತಟ್ಟೆಯನ್ನೇ ದೂಡುತ್ತಾಳೆ.

ಪಾಲಕ್ ಪರಾಠಾ ಮಾಡಿ ನೋಡಿದೆ. ಎಲ್ಲರೂ ಹೇಳುವಂತೆ ಸೊಪ್ಪನ್ನು ಕುದಿಯುವ ನೀರಿಗೆ ಎರಡು ನಿಮಿಷ ಹಾಕಿ, ತಣ್ಣೀರಿಗೆ ಬಸಿದು, ರುಬ್ಬಿ, ಹಿಟ್ಟಿಗೆ ಕಲಸಿದೆ. ಗಿಳಿಹಸಿರು ಪರಾಠಾ ಬಂತು. "ಎಲೆ ಬೇಡ" ಎಂದು ಎದ್ದು ಹೋದಳು. ಮರುದಿನ ಸೊಪ್ಪನ್ನು ತೀರಾ ಸಣ್ಣಗೆ ಹೆಚ್ಚಿ ಆಲೂಗಡ್ಡೆ ಹೂರಣದಲ್ಲಿ ಬೆರೆಸಿದೆ. ಪರಾಠಾ ಬಿಡಿಸಿ ಒಂದೊಂದೇ ಚೂರನ್ನು ಉಗುರಿನಿಂದ ಆರಿಸಿ ತಟ್ಟೆಯ ಅಂಚಿಗೆ ಇಟ್ಟಳು. ದೋಸೆಹಿಟ್ಟಿಗೆ ಅದೇ ಪಾಲಕ್ ಪೇಸ್ಟ್ ಹಾಕಿದರೆ ದೋಸೆ ಕಾವಲಿಗೆ ಅಂಟಿಕೊಂಡು ಚಿಂದಿಯಾಯಿತು.

ಅವಳು ಈಗ ತಿನ್ನುವುದು ಬಿಳಿ ದೋಸೆ, ಚಪಾತಿ, ಮೊಸರನ್ನ, ಬೇಳೆ ಕಟ್ಟಿನ ಅನ್ನ, ಮೊಟ್ಟೆ, ಬಾಳೆಹಣ್ಣು. ದಿನಕ್ಕೆ ನಾಲ್ಕು ಲೋಟ ಹಾಲು ಕುಡಿಯುತ್ತಾಳೆ. ಪರಾಠಾ, ದೋಸೆ, ಅನ್ನ ಈ ಮೂರರಲ್ಲಿ ಗೊತ್ತಾಗದಂತೆ ಸೊಪ್ಪು ಸೇರಿಸಿ ಗೆದ್ದವರು ಯಾರಾದರೂ ಇದ್ದರೆ ಅಳತೆ ಸಹಿತ ಹೇಳಿ.

ಸಾರನ್ನ

ಇಷ್ಟು ಚಿಕ್ಕ ಮಗುವಿಗೆ ಹಸಿ ತರಕಾರಿ ಏಕೆ ಕೊಡುತ್ತೀರಿ? ಹಸಿ ಕ್ಯಾರೆಟ್ ಗಂಟಲಿಗೆ ಸಿಕ್ಕಿಕೊಂಡು ನಮ್ಮ ಪಕ್ಕದ ಮನೆಯವರು ಪಟ್ಟ ಪಾಡು ಕಣ್ಣಾರೆ ನೋಡಿದ್ದೇನೆ. ಬೇಯಿಸಿ ಕೊಡಿ, ತಾನಾಗಿ ತಿನ್ನುತ್ತದೆ.

ಕಾವಲಿ

@ಸಾರನ್ನ ಅವರು ಕೇಳಿದ್ದು ಹಸಿರು ತರಕಾರಿ, ಹಸಿ ತರಕಾರಿ ಅಲ್ಲ. ಎಲ್ಲವನ್ನೂ ಬೇಯಿಸಿಯೇ ಕೊಟ್ಟಿದ್ದಾರೆ.

ಸಾರನ್ನ

ಓದುವಾಗ ತಪ್ಪಿದೆ, ಕ್ಷಮಿಸಿ. ಆದರೂ ಕ್ಯಾರೆಟ್ ವಿಷಯ ಇರಲಿ. ಪರಾಠಾಕ್ಕೆ ಹಾಕುವವರು ಹೆಚ್ಚದೆ ತುರಿದೇ ಹಾಕಿ. ಇಡೀ ಬಟಾಣಿಯನ್ನೂ ಜಜ್ಜಿ ಹಾಕಿ.

ಹಳೇ ಒಲೆ

ಮೊಮ್ಮಕ್ಕಳು ಆರು ಜನರನ್ನು ಉಣ್ಣಿಸಿದ್ದೇನೆ ಮಗಳೇ, ಗಾಬರಿಯಾಗಬೇಡ. ಪಾಲಕ್ಕನ್ನು ಮಾತ್ರ ಬಿಡಬೇಡ, ಕಬ್ಬಿಣದ ಅಂಶ ಅದರಲ್ಲಿದೆ. ದಿನಾ ಕೊಡು. ಬೇಯಿಸುವಾಗ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬಣ್ಣವೂ ಚೆಂದ ಉಳಿಯುತ್ತದೆ, ಸೊಪ್ಪು ಬೆಣ್ಣೆಯಂತೆ ಮೆತ್ತಗಾಗುತ್ತದೆ.

ರಾಗಿ ಕಣಜ

ಅಜ್ಜಿ, ಸೋಡಾ ಹಾಕಿದರೆ ಬಣ್ಣ ಉಳಿಯುತ್ತದೆ ಎಂಬುದು ನಿಜ. ಆದರೆ ಈ ತಾಯಿಗೆ ಬೇಕಾಗಿರುವುದು ಬಣ್ಣ ಹೋಗುವುದು. ಇಡೀ ಸಮಸ್ಯೆ ಇರುವುದೇ ಅಲ್ಲಿ.

ಪುಟ್ಟಿಯ ಅಮ್ಮ, ನೀವು ಮಾಡಿದ್ದು ಸೊಪ್ಪಿನ ಹಸಿರನ್ನು ಕಾಪಾಡುವ ವಿಧಾನ. ಕುದಿನೀರಿನಲ್ಲಿ ಎರಡೇ ನಿಮಿಷ, ಕೂಡಲೇ ತಣ್ಣೀರು: ಹೋಟೆಲಿನ ಪಾಲಕ್ ಪನೀರ್ ಹಸಿರಾಗಿ ಹೊಳೆಯಲೆಂದು ಮಾಡುವ ಕೆಲಸವಿದು. ನಿಮಗೆ ಬೇಕಾದದ್ದು ಇದಕ್ಕೆ ಪೂರ್ತಿ ಉಲ್ಟಾ. ಸೊಪ್ಪಿನ ಹಸಿರು ಹುಳಿ ಮತ್ತು ಬಿಸಿಗೆ ನಿಲ್ಲುವುದಿಲ್ಲ. ಟೊಮೇಟೊ ಅಥವಾ ಹುಣಸೆಹುಳಿಯ ಜೊತೆ ಮುಚ್ಚಳ ಮುಚ್ಚಿ ಬೇಯಿಸಿದರೆ ಗಿಳಿಹಸಿರು ಮಾಸಿ ಕಂದುಹಸಿರಾಗುತ್ತದೆ, ಹಳೆಯ ಉಪ್ಪಿನಕಾಯಿಯ ಮಾವಿನ ಸಿಪ್ಪೆಯ ಹಾಗೆ. ಮುಚ್ಚಳ ಮುಖ್ಯ. ಸೊಪ್ಪಿನಲ್ಲೇ ಇರುವ ಹುಳಿ ಆವಿಯಾಗಿ ಹೊರಗೆ ಹೋಗದೆ ಒಳಗೇ ಉಳಿಯುತ್ತದೆ. ಸೊಪ್ಪು ಹಸಿರಾಗಿರಬೇಕೆನ್ನುವವರು ತೆರೆದ ಪಾತ್ರೆಯಲ್ಲಿ ಬೇಯಿಸುವುದು ಇದೇ ಕಾರಣಕ್ಕೆ.

ನಾನು ಆಹಾರ ವಿಜ್ಞಾನ ಓದಿದವಳು. ಹದಿನಾಲ್ಕು ವರ್ಷ ಚಿಕ್ಕ ಮಕ್ಕಳ ಊಟದ ಅಡುಗೆಮನೆ ನೋಡಿಕೊಂಡೆ. ಅಲ್ಲಿ ಪರಾಠಾಕ್ಕೆ ನಾವು ಮಾಡುತ್ತಿದ್ದ ಕ್ರಮವನ್ನು ಮನೆಯ ಅಳತೆಗೆ ಇಳಿಸಿ ಹೇಳುತ್ತೇನೆ.

ಪಾಲಕ್ಕಿನ ಎಲೆ ಮಾತ್ರ ಬಿಡಿಸಿಕೊಳ್ಳಿ, ಸುಮಾರು 100 ಗ್ರಾಂ. ದಂಟು ಬೇಡ. ಎಷ್ಟು ರುಬ್ಬಿದರೂ ನಾರು ನಾಲಿಗೆಗೆ ಸಿಗುತ್ತದೆ, ಬಣ್ಣ ಅಡಗಿದರೂ ನಾರು ಚಾಡಿ ಹೇಳುತ್ತದೆ. ಒಂದು ಚಮಚ ಎಣ್ಣೆಯಲ್ಲಿ ಅರ್ಧ ಈರುಳ್ಳಿ ಬಾಡಿಸಿ, ಚೆನ್ನಾಗಿ ಹಣ್ಣಾದ ಒಂದು ಟೊಮೇಟೊ ಮತ್ತು ಸೊಪ್ಪು ಹಾಕಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಹನ್ನೆರಡು ಹದಿಮೂರು ನಿಮಿಷ ಬಿಡಿ. ಆಮೇಲೆ ಮುಚ್ಚಳ ತೆಗೆದು ನೀರು ಆರುವವರೆಗೆ ಕೈಯಾಡಿಸಿ. ತಣಿದ ಮೇಲೆ ಒಂದು ಹನಿಯೂ ನೀರು ಹಾಕದೆ ನುಣ್ಣಗೆ ರುಬ್ಬಿದರೆ ಸುಮಾರು ಅರ್ಧ ಬಟ್ಟಲು ಪೇಸ್ಟ್ ಸಿಗುತ್ತದೆ. ಬಣ್ಣ ಮಾಸಿದ ಕಂದುಹಸಿರು.

ಮೊದಲ ದಿನ ಅಷ್ಟನ್ನೂ ಹಾಕಬೇಡಿ. ಒಂದು ಬಟ್ಟಲು ಗೋಧಿಹಿಟ್ಟಿಗೆ ಎರಡು ಚಮಚ ರಾಗಿಹಿಟ್ಟು, ಚಿಟಿಕೆ ಅರಿಶಿನ, ಪೇಸ್ಟ್ ಒಂದೇ ಒಂದು ಚಿಕ್ಕ ಚಮಚ. ಬೆಂದ ಮೇಲೆ ಸ್ವಲ್ಪ ಕಪ್ಪಗಿನ ಚಪಾತಿಯ ಹಾಗೆ ಕಾಣುತ್ತದೆ, ಅಷ್ಟೆ. ಆಕ್ಷೇಪವಿಲ್ಲದೆ ತಿಂದರೆ ಮೂರು ನಾಲ್ಕು ದಿನಕ್ಕೊಮ್ಮೆ ಒಂದೊಂದು ಚಮಚ ಏರಿಸಿ. ಕಣಕ ಅಂಟತೊಡಗಿದರೆ ಹಿಟ್ಟು ಸುರಿಯಬೇಡಿ, ಕಲಸುವ ನೀರನ್ನು ಕಡಿಮೆ ಮಾಡಿ. ಪೇಸ್ಟಿನಲ್ಲಿರುವ ನೀರೇ ಬಹುಪಾಲು ಸಾಕಾಗುತ್ತದೆ.

ಪುಟ್ಟಿಯ ಅಮ್ಮ

ತಣ್ಣೀರಿಗೆ ಹಾಕುವುದರಿಂದಲೇ ಕೆಟ್ಟಿತು ಎಂದು ಯಾರೂ ಹೇಳಿರಲಿಲ್ಲ! ಆದರೆ ಇಷ್ಟು ಹೊತ್ತು ಬೇಯಿಸಿದರೆ ಸತ್ವ ಎಲ್ಲ ಹೋಗುವುದಿಲ್ಲವೇ?

ರಾಗಿ ಕಣಜ

ಸಿ ಜೀವಸತ್ವ ಬಹಳಷ್ಟು ಹೋಗುತ್ತದೆ, ಫೋಲೇಟ್ ಕೂಡ ಕಡಿಮೆಯಾಗುತ್ತದೆ. ಅದನ್ನು ಮುಚ್ಚಿಡುವುದಿಲ್ಲ. ಕಬ್ಬಿಣ, ಸುಣ್ಣದಂಶ ಎಲ್ಲಿಗೂ ಹೋಗುವುದಿಲ್ಲ, ಏಕೆಂದರೆ ನೀರು ಬಸಿಯುತ್ತಿಲ್ಲ. ಎ ಜೀವಸತ್ವಕ್ಕೆ ಮೂಲವಾದ ಕ್ಯಾರೊಟಿನ್ ಬಹುಪಾಲು ಉಳಿಯುತ್ತದೆ, ಎಣ್ಣೆ ತುಪ್ಪದ ಜೊತೆ ಇನ್ನೂ ಚೆನ್ನಾಗಿ ಮೈಗೆ ಹತ್ತುತ್ತದೆ. ಸಿ ಜೀವಸತ್ವಕ್ಕೆ ಊಟದ ಜೊತೆ ಎರಡು ತೊಳೆ ಕಿತ್ತಳೆಯನ್ನೋ ಒಂದು ತುಂಡು ಸೀಬೆಯನ್ನೋ ಕೊಡಿ. ಸೀಬೆಯ ಬೀಜ ತೆಗೆಯಿರಿ.

ಸೋಡಾದ ಮಾತು: ಅದೂ ಸಿ ಜೀವಸತ್ವವನ್ನು ಹಾಳು ಮಾಡುತ್ತದೆ, ಮೇಲೆ ಹಸಿರನ್ನೂ ಉಳಿಸುತ್ತದೆ. ಈ ಮಗುವಿನ ಮಟ್ಟಿಗೆ ಎರಡೂ ನಷ್ಟ.

ಇನ್ನು ಪಾಲಕ್ಕಿನ ಕಬ್ಬಿಣ. ಇರುವುದು ಇದೆ, ಮೈಗೆ ಸೇರುವುದು ಸ್ವಲ್ಪ. ಸೊಪ್ಪು, ಕಾಳುಗಳ ಕಬ್ಬಿಣವೇ ಮಾಂಸದ ಕಬ್ಬಿಣದಷ್ಟು ಸುಲಭವಾಗಿ ಹತ್ತುವುದಿಲ್ಲ. ಪಾಲಕ್ಕಿನಲ್ಲಿ ಆಕ್ಸಲೇಟ್ ಬೇರೆ ಬಹಳ, ಅದು ಸುಣ್ಣದಂಶವನ್ನಂತೂ ಹಿಡಿದಿಟ್ಟುಬಿಡುತ್ತದೆ. ಪಾಲಕ್ ಒಂದನ್ನೇ ದಿನಾ ಕೊಡುವ ಬದಲು ನುಗ್ಗೆ, ದಂಟು, ಹರಿವೆ ಎಂದು ಬದಲಿಸುತ್ತಾ ಹೋಗಿ.

ಹಳೇ ಒಲೆ

ಆಕ್ಸಲೇಟ್ ಗೀಕ್ಸಲೇಟ್ ನನಗೆ ತಿಳಿಯದು ತಾಯಿ. ನನ್ನ ಆರೂ ಮೊಮ್ಮಕ್ಕಳು ಗಟ್ಟಿಮುಟ್ಟಾಗಿದ್ದಾರೆ. ಆದರೆ ಸೊಪ್ಪು ಬದಲಿಸು ಎಂಬುದನ್ನು ಒಪ್ಪುತ್ತೇನೆ. ನಮ್ಮ ಕಾಲದಲ್ಲಿ ಹಿತ್ತಲಲ್ಲಿ ಏನು ಚಿಗುರಿತೋ ಅದೇ ಅಂದಿನ ಸೊಪ್ಪು, ತಾನಾಗಿ ಬದಲಾಗುತ್ತಿತ್ತು.

ನೇರ ಮಾತು

ನನಗೆ ಈ ಅಡಗಿಸುವ ಆಟವೇ ಒಪ್ಪಿಗೆಯಿಲ್ಲ. ಮಗು ಕಲಿಯಬೇಕಾದದ್ದು ಸೊಪ್ಪನ್ನು ನೋಡಿ, ಮುಟ್ಟಿ, ತಿನ್ನುವುದನ್ನು. ಕಾಣದಂತೆ ತಿನ್ನಿಸಿದರೆ ಹೊಟ್ಟೆಗೆ ಹೋಯಿತೇ ಹೊರತು ಮಗು ಏನನ್ನೂ ಕಲಿಯಲಿಲ್ಲ.

ನಮ್ಮ ಮಗನ ಕಥೆ ಹೇಳುತ್ತೇನೆ. ಎರಡು ವರ್ಷದವನಿದ್ದಾಗ ಅವನು ನೆಚ್ಚಿ ತಿನ್ನುತ್ತಿದ್ದದ್ದು ಒಂದೇ, ಬಿಳಿ ದೋಸೆ. ನಾನು ಅದರೊಳಗೆ ಬೀನ್ಸ್ ಪೇಸ್ಟ್ ಸೇರಿಸಿದೆ. ಮೂರನೆಯ ದಿನ ಒಂದು ನಾರು ಬಾಯಿಗೆ ಸಿಕ್ಕಿತು. ಅಂದಿನಿಂದ ಎರಡು ತಿಂಗಳು ದೋಸೆಯನ್ನೇ ಮುಟ್ಟಲಿಲ್ಲ. ಬೀನ್ಸೂ ಹೋಯಿತು, ದೋಸೆಯೂ ಹೋಯಿತು. ಅವನು ದೋಸೆಯನ್ನು ಅನುಮಾನದಿಂದ ತಿರುಗಿಸಿ ತಿರುಗಿಸಿ ನೋಡುತ್ತಿದ್ದ ಆ ನೋಟ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಕಾವಲಿ

ಅದು ಅಡಗಿಸಿದ್ದರ ತಪ್ಪಲ್ಲ, ಎಲ್ಲಿ ಅಡಗಿಸಿದಿರಿ ಎಂಬುದರ ತಪ್ಪು. ಮಗು ನಂಬಿ ತಿನ್ನುವ ಒಂದೇ ಒಂದು ತಿಂಡಿ ಇದ್ದರೆ ಅದನ್ನು ಮುಟ್ಟಲೇಬಾರದು. ಬಿಳಿ ದೋಸೆ ಬಿಳಿ ದೋಸೆಯಾಗಿಯೇ ಇರಲಿ. ರಾಗಿ ದೋಸೆ ಎಂದು ಬೇರೆಯದೊಂದನ್ನು, ಮೊದಲ ದಿನದಿಂದಲೇ ಕಪ್ಪಗಿರುವುದನ್ನು, ಅದರ ಪಕ್ಕದಲ್ಲಿ ಇಡಿ.

ನೇರ ಮಾತು

ಎಲ್ಲಿ ಅಡಗಿಸಿದರೂ ಸಿಕ್ಕಿಬೀಳುವ ದಿನ ಬಂದೇ ಬರುತ್ತದೆ. ಮಗು "ಇದರಲ್ಲಿ ಸೊಪ್ಪು ಇದೆಯಾ?" ಎಂದು ಕೇಳಿದರೆ ಏನು ಹೇಳುತ್ತೀರಿ?

ಕಾವಲಿ

ಇದೆ ಎನ್ನುತ್ತೇನೆ. ಅಡಗಿಸುವುದು ಬೇರೆ, ಸುಳ್ಳು ಹೇಳುವುದು ಬೇರೆ.

ಅವಳಿ ಅಪ್ಪ

ನಮ್ಮಲ್ಲಿ ಇಬ್ಬರು, ಮೂರು ವರ್ಷ. ಒಬ್ಬಳು ಎಲ್ಲವನ್ನೂ ತಿನ್ನುತ್ತಾಳೆ, ಇನ್ನೊಬ್ಬ ಬಣ್ಣ ನೋಡಿಯೇ ನಿರ್ಧರಿಸುತ್ತಾನೆ. ಅವನಿಗೆ ಕೆಂಪು ಎಂದರೆ ಪ್ರಾಣ. ಹಾಗಾಗಿ ಬೀಟ್‌ರೂಟ್ ಬೇಯಿಸಿ ರುಬ್ಬಿ ಪೂರಿ, ಪರಾಠಾ, ದೋಸೆ ಎಲ್ಲದಕ್ಕೂ ಹಾಕಿದೆ. ಖುಷಿಯಿಂದ ತಿಂದ.

ಎರಡನೆಯ ದಿನ ಬೆಳಿಗ್ಗೆ ಚಡ್ಡಿ ಬಿಚ್ಚಿದರೆ ಎಲ್ಲ ಕೆಂಪು. ರಕ್ತ ಎಂದುಕೊಂಡು ಕೈಕಾಲು ತಣ್ಣಗಾಯಿತು. ಮಗುವನ್ನು ಎತ್ತಿಕೊಂಡು ವೈದ್ಯರ ಬಳಿ ಓಡಿದೆ. ಅವರು ಕೇಳಿದ ಮೊದಲ ಪ್ರಶ್ನೆ: ನಿನ್ನೆ ಬೀಟ್‌ರೂಟ್ ತಿಂದಿದ್ದನೇ? ಬೀಟ್‌ರೂಟ್ ಹಾಕುವವರು ಮೂತ್ರವೂ ಮಲವೂ ಕೆಂಪಾಗಬಹುದು ಎಂದು ಮನೆಯಲ್ಲಿ ಎಲ್ಲರಿಗೂ ಮೊದಲೇ ಹೇಳಿಡಿ, ಮಗುವನ್ನು ನೋಡಿಕೊಳ್ಳುವವರಿಗೂ.

ತುಂಬೆ ಹೂ

ನನಗೂ ಅದೇ ಆಗಿತ್ತು! ನಮ್ಮ ಅತ್ತೆ ಹರಕೆ ಹೊತ್ತುಬಿಟ್ಟಿದ್ದರು.

ಅದಿರಲಿ, ಪುಟ್ಟಿಯ ಅಮ್ಮ ಬರೆದದ್ದರಲ್ಲಿ ಎಲ್ಲರೂ ದಾಟಿ ಹೋದ ಒಂದು ಸಾಲಿದೆ. ನಾಲ್ಕು ಲೋಟ ಹಾಲು. ಲೋಟ ಎಷ್ಟು ದೊಡ್ಡದು?

ಪುಟ್ಟಿಯ ಅಮ್ಮ

ಅಳೆದು ನೋಡಿದೆ, ಒಂದು ಲೋಟ ಸರಿಯಾಗಿ 200 ಮಿಲಿ. ಊಟ ಮಾಡದಿದ್ದರೆ ಹಾಲಾದರೂ ಕುಡಿಯಲಿ ಎಂದು ಕೊಡುತ್ತೇವೆ.

ತುಂಬೆ ಹೂ

800 ಮಿಲಿ ಆಯಿತು. ನನ್ನ ಮಗನಿಗೂ ಹೀಗೇ ಕೊಡುತ್ತಿದ್ದೆ. ಅವನು ಬೆಳ್ಳಗೆ ಬಿಳಿಚಿಕೊಂಡಿದ್ದ, ಗೋಡೆಯ ಸುಣ್ಣ ಕೆರೆದು ತಿನ್ನಲು ಶುರು ಮಾಡಿದ. ರಕ್ತ ಪರೀಕ್ಷೆಯಲ್ಲಿ ಕಬ್ಬಿಣದ ಕೊರತೆ ಎಂದು ಬಂತು. ಮಕ್ಕಳ ವೈದ್ಯರು ಮೊದಲು ಮಾಡಿದ್ದು ಹಾಲನ್ನು ದಿನಕ್ಕೆ ಅರ್ಧ ಲೀಟರಿಗಿಂತ ಕಡಿಮೆಗೆ ಇಳಿಸಿದ್ದು, ಜೊತೆಗೆ ಔಷಧಿ. ಹಾಲಿನಲ್ಲಿ ಕಬ್ಬಿಣ ತೀರಾ ಕಡಿಮೆ, ಅದರ ಸುಣ್ಣದಂಶ ಬೇರೆ ಊಟದ ಕಬ್ಬಿಣವನ್ನೂ ಮೈಗೆ ಹತ್ತಲು ಬಿಡುವುದಿಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಹೊಟ್ಟೆ ತುಂಬಿಸಿಬಿಡುತ್ತದೆ ಎಂದು ಅವರು ವಿವರಿಸಿದರು. ಪರಾಠಾದ ಜೊತೆ ಹಾಲು ಕೊಟ್ಟರೆ ನೀವು ಕಷ್ಟಪಟ್ಟು ಸೇರಿಸಿದ ಸೊಪ್ಪಿನ ಕಬ್ಬಿಣವೂ ಅರೆಬರೆ.

ನಮ್ಮ ಹುಡುಗ ಹಾಲು ಇಳಿಸಿದ ಎರಡನೆಯ ವಾರದಿಂದ ಹಸಿವು ಎಂದು ತಾನೇ ತಟ್ಟೆ ತರತೊಡಗಿದ. ಸೊಪ್ಪು ತಿಂದನೇ ಎಂದು ಕೇಳಿದರೆ, ಇಲ್ಲ. ಆದರೆ ಬೇಳೆ, ಕಾಳು, ಮೊಟ್ಟೆ ಚೆನ್ನಾಗಿ ತಿಂದ.

ಹಳೇ ಒಲೆ

ಹಾಲು ಬಿಡಿಸಬೇಡಿ ಮಕ್ಕಳೇ, ಬೆಳೆಯುವ ಮಗುವಿಗೆ ಮೂಳೆ ಗಟ್ಟಿಯಾಗಬೇಕು.

ತುಂಬೆ ಹೂ

ಬಿಡಿಸುವುದಲ್ಲ ಅಜ್ಜಿ, ಇಳಿಸುವುದು. ಬೆಳಿಗ್ಗೆ ಒಂದು ಲೋಟ, ರಾತ್ರಿ ಒಂದು ಲೋಟ. ಊಟಕ್ಕೆ ಹತ್ತಿರ ಮಾತ್ರ ಬೇಡ.

ಪುಟ್ಟಿಯ ಅಮ್ಮ

ಸುಣ್ಣ ತಿನ್ನುವುದಿಲ್ಲ, ಆದರೆ ಮಣ್ಣು ಬಾಯಿಗೆ ಹಾಕುತ್ತಾಳೆ. ಆಟ ಎಂದುಕೊಂಡಿದ್ದೆ. ಈ ವಾರವೇ ವೈದ್ಯರಿಗೆ ತೋರಿಸುತ್ತೇನೆ.

ದೋಸೆಯ ವಿಷಯ ಇನ್ನೂ ಉಳಿದಿದೆ. ಏಕೆ ಅಂಟಿಕೊಂಡಿತು?

ಕಾವಲಿ

ಎಷ್ಟು ಪೇಸ್ಟ್ ಹಾಕಿದಿರಿ?

ಪುಟ್ಟಿಯ ಅಮ್ಮ

ಒಂದು ಬಟ್ಟಲು ಹಿಟ್ಟಿಗೆ ಅರ್ಧ ಬಟ್ಟಲಿನಷ್ಟು.

ಕಾವಲಿ

ಅದೇ ಕಾರಣ. ದೋಸೆ ಕಾವಲಿಯಿಂದ ಏಳುವುದು ಹಿಟ್ಟಿನ ತಳ ಒಣಗಿ ಗರಿಯಾದ ಮೇಲೆ. ಅಷ್ಟೊಂದು ಒದ್ದೆ ಪೇಸ್ಟ್ ಸೇರಿದರೆ ತಳ ಒಣಗುವುದೇ ಇಲ್ಲ, ಬೇಯುತ್ತಲೇ ಇರುತ್ತದೆ, ಅಷ್ಟರಲ್ಲಿ ನೀವು ಎಬ್ಬಿಸಲು ಹೋಗುತ್ತೀರಿ, ಹರಿಯುತ್ತದೆ. ಒಂದು ಬಟ್ಟಲು ಹಿಟ್ಟಿಗೆ ಎರಡು ದೊಡ್ಡ ಚಮಚ ಪೇಸ್ಟ್ ಸಾಕು. ಜೊತೆಗೆ ಒಂದು ದೊಡ್ಡ ಚಮಚ ಅಕ್ಕಿಹಿಟ್ಟು ಕದಡಿ. ಒಂದು ಸೌಟಿನ ಬದಲು ಮುಕ್ಕಾಲು ಸೌಟು ಹೊಯ್ದು ತೆಳ್ಳಗೆ ಹರಡಿ, ಉರಿ ಮಧ್ಯಮ ಇರಲಿ. ಅಂಚು ತಾನಾಗಿ ಮೇಲೇಳುವವರೆಗೆ ದೋಸೆಗೋಲು ಮುಟ್ಟಿಸಬೇಡಿ. ಕ್ಯಾರೆಟ್, ಸಿಹಿಗುಂಬಳ, ಬೀಟ್‌ರೂಟ್ ಆದರೆ ಉರಿ ಇನ್ನೂ ಸಣ್ಣದಿರಲಿ, ಅವುಗಳ ಸಿಹಿ ಬೇಗ ಸೀದು ಕಪ್ಪಾಗುತ್ತದೆ.

ಹಿಟ್ಟು ಹುಳಿ ಬರುವ ಮೊದಲು ಪೇಸ್ಟ್ ಸೇರಿಸಬೇಡಿ. ಹುಳಿ ಬಂದ ಹಿಟ್ಟಿನಿಂದ ಅಂದಂದಿಗೆ ಬೇಕಾದಷ್ಟನ್ನು ಬೇರೆ ತೆಗೆದುಕೊಂಡು ಅದಕ್ಕೆ ಮಾತ್ರ ಕಲಸಿ.

ರಾಗಿ ಕಣಜ

ಇದಕ್ಕೊಂದು ಸೇರಿಕೆ. ದೋಸೆಹಿಟ್ಟು ಹುಳಿಯಾಗಿರುವುದರಿಂದ ಸೊಪ್ಪಿನ ಹಸಿರು ಅದರಲ್ಲೇ ಮಾಸುತ್ತದೆ ಎಂದು ಹಲವರು ಎಣಿಸುತ್ತಾರೆ. ಸ್ವಲ್ಪ ಮಾಸುತ್ತದೆ, ಪೂರ್ತಿ ಇಲ್ಲ, ಏಕೆಂದರೆ ದೋಸೆ ಕಾವಲಿಯ ಮೇಲೆ ಇರುವುದು ಎರಡು ಮೂರು ನಿಮಿಷ. ಪರಾಠಾಕ್ಕೆ ಹೇಳಿದ ಹಾಗೆ ಸೊಪ್ಪನ್ನು ಹುಳಿಯ ಜೊತೆ ಬೇಯಿಸಿದ ಮೇಲೆಯೇ ಹಿಟ್ಟಿಗೆ ಸೇರಿಸಬೇಕು. ಆಗಲೂ ಬಿಳಿ ದೋಸೆಯಲ್ಲಿ ಅದು ಬೂದುಬಣ್ಣವಾಗಿ ಕಾಣುತ್ತದೆ, ಮಗು ಒಂದೇ ನೋಟಕ್ಕೆ ಹಿಡಿಯುತ್ತದೆ. ಒಂದು ಬಟ್ಟಲು ರಾಗಿಹಿಟ್ಟಿಗೆ ಅರ್ಧ ಬಟ್ಟಲು ದೋಸೆಹಿಟ್ಟು ಬೆರೆಸಿದರೆ ಅದರೊಳಗೆ ಎರಡು ದೊಡ್ಡ ಚಮಚ ಸೊಪ್ಪಿನ ಪೇಸ್ಟ್ ಎಲ್ಲಿಗೆ ಹೋಯಿತು ಎಂದೇ ಗೊತ್ತಾಗುವುದಿಲ್ಲ.

ಮಲೆನಾಡ ಸೊಸೆ

ಬಿಳಿ ದೋಸೆಯೇ ಬೇಕು ಎನ್ನುವ ಮಗುವಿಗೆ ಬಿಳಿ ತರಕಾರಿ ಇದೆಯಲ್ಲ! ನಮ್ಮ ಕಡೆ ಸೌತೆಕಾಯಿ ದೋಸೆ ತಲೆಮಾರಿನಿಂದ ಬಂದದ್ದು. ಒಂದು ಬಟ್ಟಲು ದೋಸೆ ಅಕ್ಕಿಯನ್ನು ನಾಲ್ಕು ಗಂಟೆ ನೆನೆಸಿ. ಸೌತೆಕಾಯಿಯ ಸಿಪ್ಪೆ, ತಿರುಳಿನ ಬೀಜ ತೆಗೆದು ತುರಿದದ್ದು ಒಂದು ಬಟ್ಟಲು, ಎರಡು ಚಮಚ ತೆಂಗಿನತುರಿ, ಉಪ್ಪು. ಎಲ್ಲವನ್ನೂ ನೀರಿಲ್ಲದೆ ರುಬ್ಬಿ, ಸೌತೆಕಾಯಿಯ ನೀರೇ ಸಾಕು. ಉದ್ದು ಬೇಡ, ಹುಳಿ ಬರಿಸುವುದೂ ಬೇಡ, ಕೂಡಲೇ ಹೊಯ್ಯಬಹುದು. ಕಹಿ ಇದೆಯೇ ಎಂದು ಕಾಯಿಯ ತುದಿ ಕೊಯ್ದು ಮೊದಲು ತಿಂದು ನೋಡಿ. ಸೋರೆಕಾಯಿಗೂ ಇದೇ ಕ್ರಮ. ಸೋರೆಕಾಯಿ ಕಹಿ ಇದ್ದರೆ ಇಡೀ ಕಾಯಿಯನ್ನೇ ಎಸೆಯಿರಿ, ಕಹಿ ಸೋರೆ ಮಗುವಿಗಿರಲಿ ದೊಡ್ಡವರಿಗೂ ವಿಷ.

ನೇರ ಮಾತು

ಸೌತೆಕಾಯಿಯಲ್ಲಿ ನೀರು ಬಿಟ್ಟರೆ ಏನಿದೆ? ಕೇಳಿದ್ದು ಸೊಪ್ಪು.

ಮಲೆನಾಡ ಸೊಸೆ

ಏನೂ ಇಲ್ಲದಿದ್ದರೂ ತರಕಾರಿಯ ರುಚಿಗೆ ನಾಲಿಗೆ ಒಗ್ಗುತ್ತದೆ. ಅಡಗಿಸಿದರೆ ಮಗು ಕಲಿಯುವುದಿಲ್ಲ ಎಂದವರು ನೀವೇ ಅಲ್ಲವೇ? ಸೌತೆಕಾಯಿ ದೋಸೆಯನ್ನು ನಾವು ಯಾರೂ ಅಡಗಿಸುವುದಿಲ್ಲ, ಹೆಸರಿಟ್ಟು ಕರೆದೇ ಬಡಿಸುತ್ತೇವೆ.

ನೇರ ಮಾತು

ಈ ಮಾತನ್ನು ಒಪ್ಪಿಕೊಳ್ಳುತ್ತೇನೆ.

ಅವಳಿ ಅಪ್ಪ

ಅನ್ನಕ್ಕೆ ಯಾರೂ ಬರಲೇ ಇಲ್ಲ. ನಮ್ಮಲ್ಲಿ ಕೆಲಸ ಮಾಡಿದ್ದು ಕೆಂಪು ಹರಿವೆ. ಅದು ಸೊಪ್ಪೇ, ಆದರೆ ಹಸಿರಲ್ಲ! ಎಲೆ, ದಂಟು ಎರಡೂ ಪೂರ್ತಿ ಕೆಂಪಿರುವುದನ್ನು ಆರಿಸಿ, ಎಲೆ ಮಾತ್ರ ಬೇಯಿಸಿ ರುಬ್ಬಿ ಟೊಮೇಟೊ ಬಾತಿಗೆ ಹಾಕುತ್ತೇನೆ. ಅನ್ನ ಕೆಂಪಾಗಿ ಬರುತ್ತದೆ. ಒಂದು ಸಲ ಮಾತ್ರ ಮುದ್ದೆಯಾಯಿತು, ಪೇಸ್ಟ್ ಹಾಕಿ ನೀರನ್ನು ಎಂದಿನಷ್ಟೇ ಹಾಕಿಬಿಟ್ಟಿದ್ದೆ.

ರಾಗಿ ಕಣಜ

ಅರ್ಧ ಬಟ್ಟಲು ಪೇಸ್ಟ್ ಹಾಕಿದರೆ ಸುಮಾರು ಅರ್ಧ ಬಟ್ಟಲು ನೀರು ಕಡಿಮೆ ಮಾಡಿ. ಕೆಂಪು ಹರಿವೆಯನ್ನು ಬಹಳ ಹೊತ್ತು ಕುದಿಸಬೇಡಿ, ಅದರ ಕೆಂಪೂ ಮಾಸಿ ಕಂದಾಗುತ್ತದೆ.

ಹಸಿರು ಸೊಪ್ಪಿಗೆ ಅನ್ನದಲ್ಲಿ ಬಿಸಿಬೇಳೆ ಬಾತಿನಷ್ಟು ಒಳ್ಳೆಯ ಮರೆ ಬೇರೆ ಇಲ್ಲ. ಹುಣಸೆ, ಪುಡಿ, ಬೇಳೆ ಎಲ್ಲ ಸೇರಿ ಬಣ್ಣವೇ ಕಂದು. ಮಗುವಿಗೆ ಖಾರ ಕಡಿಮೆ ಇಟ್ಟು ಮಾಡಿ. ಒಂದು ತಪ್ಪು ಮಾತ್ರ ಮಾಡಬೇಡಿ: ಸೊಪ್ಪು ಮಾಸಲಿ ಎಂದು ಹುಣಸೆಹುಳಿಯನ್ನು ಬೇಳೆಯ ಜೊತೆಗೇ ಕುಕ್ಕರಿಗೆ ಹಾಕಬೇಡಿ. ಹುಳಿ ಬಿದ್ದರೆ ತೊಗರಿಬೇಳೆ ಬೇಯದೆ ಕಾಳುಕಾಳಾಗಿ ಉಳಿಯುತ್ತದೆ. ಬೇಳೆ, ಅನ್ನ ಒಂದು ಕಡೆ ಮೆತ್ತಗೆ ಬೇಯಲಿ. ಸೊಪ್ಪು, ಹುಣಸೆರಸ ಇನ್ನೊಂದು ಕಡೆ ಬೆಂದು ರುಬ್ಬಿದ ಮೇಲೆ ಎರಡನ್ನೂ ಕೂಡಿಸಿ ಕುದಿಸಿ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಎರಡೂವರೆ ವರ್ಷದ ಮಗುವಿಗೆ ಒಂದು ಹೊತ್ತಿಗೆ ಎರಡು ಮೂರು ದೊಡ್ಡ ಚಮಚ ಬೆಂದ ತರಕಾರಿ ಎಂದರೆ ಆ ಹೊತ್ತಿನ ಪಾಲು ಮುಗಿಯಿತು. ದೊಡ್ಡವರ ತಟ್ಟೆ ನೋಡಿ ಅಳೆಯಬೇಡಿ.

ಸಾರನ್ನ

ಪೇಸ್ಟನ್ನು ಒಂದು ವಾರಕ್ಕೆ ಮಾಡಿ ಫ್ರಿಜ್ಜಿನಲ್ಲಿ ಇಡಬಹುದೇ? ದಿನಾ ಹನ್ನೆರಡು ನಿಮಿಷ ಸೊಪ್ಪು ಬಾಡಿಸಲು ನಮ್ಮ ಮನೆಯಲ್ಲಿ ಯಾರಿಗೂ ಸಮಯವಿಲ್ಲ.

ರಾಗಿ ಕಣಜ

ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ಒಂದು ದಿನ, ಹೆಚ್ಚೆಂದರೆ ಮರುದಿನ ಸಂಜೆಯವರೆಗೆ. ಸೊಪ್ಪು ಮತ್ತು ಬೀಟ್‌ರೂಟಿನಲ್ಲಿ ನೈಟ್ರೇಟ್ ಹೆಚ್ಚು. ಬೇಯಿಸಿ ರುಬ್ಬಿದ್ದನ್ನು ದಿನಗಟ್ಟಲೆ ಇಟ್ಟರೆ ಅದು ನೈಟ್ರೈಟ್ ಆಗತೊಡಗುತ್ತದೆ, ತೀರಾ ಎಳೆಯ ಕೂಸುಗಳಿಗೆ ಅದು ಅಪಾಯ. ವಾರಕ್ಕಾಗುವಷ್ಟು ಮಾಡುವುದಾದರೆ ತಣಿದ ಕೂಡಲೇ ಐಸ್ ಟ್ರೇಗೆ ತುಂಬಿ ಫ್ರೀಜರಿನಲ್ಲಿ ಇಡಿ. ಒಂದು ಗುಂಡಿಯಲ್ಲಿ ಸುಮಾರು ಒಂದು ದೊಡ್ಡ ಚಮಚ ಹಿಡಿಯುತ್ತದೆ, ಅಳತೆಗೂ ಅನುಕೂಲ.

ನೇರ ಮಾತು

ಇಷ್ಟೆಲ್ಲ ಮಾಡುವಾಗ ಒಂದನ್ನು ಮಾತ್ರ ಬಿಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಒಳಗೆ ಅಡಗಿದ ಸೊಪ್ಪು ಇರಲಿ, ಹೊರಗೆ ಕಾಣುವ ಸೊಪ್ಪೂ ಒಂದು ಚಮಚ ತಟ್ಟೆಯ ಮೂಲೆಯಲ್ಲಿ ದಿನಾ ಇರಲಿ. ತಿನ್ನು ಎನ್ನಬೇಡಿ, ತಿಂದರೆ ಸಿಹಿ ಕೊಡುತ್ತೇನೆ ಎಂದೂ ಹೇಳಬೇಡಿ, ಮೊಬೈಲ್ ತೋರಿಸಿ ಬಾಯಿಗೆ ತುರುಕಲೇಬೇಡಿ. ಹೊಸ ರುಚಿಯನ್ನು ಮಗು ಒಪ್ಪಿಕೊಳ್ಳಲು ಹತ್ತು ಹದಿನೈದು ಸಲ ಎದುರಾಗಬೇಕಾಗಬಹುದು. ನಾವು ಮೂರನೆಯ ಸಲಕ್ಕೇ ಕೈಬಿಡುತ್ತೇವೆ. ನನ್ನ ಮಗ ದಂಟಿನ ಸೊಪ್ಪಿನ ಪಲ್ಯಕ್ಕೆ ಬೆರಳು ಅದ್ದಿ ನೆಕ್ಕಿದ್ದು ನಾಲ್ಕು ತಿಂಗಳ ಮೇಲೆ.

ತುಂಬೆ ಹೂ

ನಾಲ್ಕು ತಿಂಗಳು ಕಾಯುವ ಹೊತ್ತಿಗೆ ರಾಗಿ ದೋಸೆಯೊಳಗೆ ಎಷ್ಟೋ ಸೊಪ್ಪು ಹೊಟ್ಟೆ ಸೇರಿರುತ್ತದೆ. ಎರಡೂ ಜೊತೆಗೆ ನಡೆಯಲಿ.

ನೇರ ಮಾತು

ನಡೆಯಲಿ. ಆದರೆ ಒಳಗಿನದು ಸುಲಭವಾದ ಕೂಡಲೇ ಹೊರಗಿನದನ್ನು ಎಲ್ಲರೂ ಮರೆಯುತ್ತಾರೆ. ನನ್ನ ಹೆದರಿಕೆ ಅದೇ, ಅದು ಹೋಗಿಲ್ಲ.

ಹಳೇ ಒಲೆ

ಸೊಪ್ಪು ಬಿಡಿಸುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಎಲೆ ಕಿತ್ತು ಬುಟ್ಟಿಗೆ ಹಾಕಲಿ. ಕೈಗೆ ಪರಿಚಯವಾದದ್ದು ಬಾಯಿಗೆ ಬರುವುದು ತಡವಲ್ಲ.

ಪುಟ್ಟಿಯ ಅಮ್ಮ

ಹನ್ನೆರಡು ದಿನಗಳ ವರದಿ.

ವೈದ್ಯರಿಗೆ ತೋರಿಸಿದೆವು. ತೂಕ ಸರಿಯಾಗಿದೆ, ಹಿಮೋಗ್ಲೋಬಿನ್ ಕಡಿಮೆ ಇದೆ. ಕಬ್ಬಿಣದ ಹನಿ ಬರೆದುಕೊಟ್ಟರು. ಹಾಲನ್ನು ಎರಡು ಲೋಟಕ್ಕೆ ಇಳಿಸಲು ಹೇಳಿದರು. ಮಣ್ಣು ತಿನ್ನುವುದನ್ನು ಕೇಳಿ ಜಂತುಹುಳುವಿಗೂ ಔಷಧಿ ಕೊಟ್ಟರು. ತುಂಬೆ ಹೂ ಅವರೇ, ನೀವು ಲೋಟದ ಅಳತೆ ಕೇಳದಿದ್ದರೆ ನಾನು ಇನ್ನೂ ಪಾಲಕ್ ರುಬ್ಬುತ್ತಾ ಕೂತಿರುತ್ತಿದ್ದೆ.

ಪರಾಠಾ: ಒಂದು ಚಮಚದಿಂದ ಶುರು ಮಾಡಿ ಈಗ ಮೂರು ಚಮಚಕ್ಕೆ ಬಂದಿದ್ದೇನೆ, ತಿನ್ನುತ್ತಿದ್ದಾಳೆ. ನಾಲ್ಕನೆಯ ಚಮಚ ಹಾಕಿದ ದಿನ ಅರ್ಧ ತಿಂದು ಬಿಟ್ಟಳು. ಬಣ್ಣ ಅಷ್ಟೇ ಇತ್ತು, ಸೊಪ್ಪಿನ ವಾಸನೆ ಏರಿತ್ತು ಎನಿಸುತ್ತದೆ. ಮತ್ತೆ ಮೂರಕ್ಕೆ ಇಳಿಸಿದೆ. ರಾಗಿ ದೋಸೆಯನ್ನು ಬಿಳಿ ದೋಸೆಯ ಪಕ್ಕ ಇಟ್ಟೆ. ಐದು ದಿನ ಮುಟ್ಟಲಿಲ್ಲ. ಆರನೆಯ ದಿನ ತುಪ್ಪ ಸವರಿ ಚಿಕ್ಕ ಚಿಕ್ಕ ನಾಣ್ಯದ ಗಾತ್ರಕ್ಕೆ ಹೊಯ್ದೆ, ನಾಲ್ಕು ತಿಂದಳು. ಬಿಸಿಬೇಳೆ ಬಾತ್ ಪೂರ್ತಿ ಸೋತಿತು, ಬಣ್ಣಕ್ಕಲ್ಲ, ಇಂಗಿನ ವಾಸನೆಗೆ.

ನಿನ್ನೆ ದಂಟಿನ ಸೊಪ್ಪು ಬಿಡಿಸುವಾಗ ಪಕ್ಕದಲ್ಲಿ ಕೂರಿಸಿಕೊಂಡೆ. ಒಂದು ಎಲೆಯನ್ನು ನನ್ನ ಬಾಯಿಗೆ ಇಟ್ಟು "ಅಮ್ಮ ತಿನ್ನು" ಎಂದಳು. ತಿಂದೆ. ಅವಳು ತಿನ್ನಲಿಲ್ಲ.

ರಾಗಿ ಕಣಜ

ವಾಸನೆ ಎಂದಿರಲ್ಲ, ಅದು ಸರಿ ಇರಬೇಕು. ಪೇಸ್ಟ್ ರುಬ್ಬಿದ ಮೇಲೆ ಅರ್ಧ ಚಮಚ ತುಪ್ಪದಲ್ಲಿ ಇನ್ನೊಮ್ಮೆ ಎರಡು ನಿಮಿಷ ಹುರಿಯಿರಿ, ಹಸಿ ವಾಸನೆ ಇಳಿಯುತ್ತದೆ. ಆಮೇಲೆ ನಾಲ್ಕನೆಯ ಚಮಚ ನೋಡಿ. ಇಂಗು ಬಿಟ್ಟೇ ಬಾತ್ ಮಾಡಿ.

ಸಾರನ್ನ

ನಮ್ಮಲ್ಲಿ ಮೆಂತ್ಯ ಸೊಪ್ಪು ಬಹಳ ಬೆಳೆದಿದೆ. ಅದಕ್ಕೂ ಇದೇ ಅಳತೆಯೇ?

ರಾಗಿ ಕಣಜ

ಅಲ್ಲ. ಮೆಂತ್ಯದ ಬಣ್ಣ ಮಾಸಿದರೂ ಕಹಿ ಉಳಿಯುತ್ತದೆ, ಮಕ್ಕಳ ನಾಲಿಗೆಗೆ ಕಹಿ ನಮಗಿಂತ ಹೆಚ್ಚು ತಾಗುತ್ತದೆ. ಮೂರು ಪಾಲು ಪಾಲಕ್ಕಿಗೆ ಒಂದು ಪಾಲು ಮೆಂತ್ಯ ಬೆರೆಸಿ ಶುರು ಮಾಡಿ. ಅದೂ ಪರಾಠಾದಲ್ಲಿ ಮಾತ್ರ, ದೋಸೆಗೆ ಈಗಲೇ ಬೇಡ.